ಸಾವಿನ ಮನೆಗೆ ಯಾವ ಬಟ್ಟೆ ಹಾಕಲಿ?

ಪ್ರಶ್ನೆ: ಜೊತೆಯಲ್ಲಿ ಕೆಲಸ ಮಾಡುವವರ ತಂದೆ ತೀರಿಕೊಂಡಿದ್ದಾರೆ. ನಾಳೆ ಬೆಳಗ್ಗೆ ಅವರ ಮನೆಗೆ ಹೋಗಿ, ಅಂತ್ಯಕ್ರಿಯೆ ಮುಗಿಯುವವರೆಗೂ ಇರಬೇಕು. ನನ್ನ ಹತ್ತಿರ ಕಪ್ಪು ಸ್ಯಾಟಿನ್ ಶರ್ಟ್, ತಿಳಿ ಬೂದು ಕಾಟನ್ ಶರ್ಟ್, ತೆಳುವಾದ ಬಿಳಿ ಕುರ್ತಾ, ಕಡುನೀಲಿ ಕಾಟನ್ ಕುರ್ತಾ ಇವೆ. ಹೊಸದು ಕೊಳ್ಳಲು ಸಮಯವಿಲ್ಲ. ಯಾವುದು ಸರಿ?

ಉತ್ತರ: ಕಡುನೀಲಿ ಕುರ್ತಾ, ಕೆಳಗೆ ಸಡಿಲವಾದ ಗಾಢ ಬಣ್ಣದ ಪ್ಯಾಂಟ್. ಆದರೆ ಮೊದಲು ಒಂದು ಫೋನ್ ಮಾಡಿ. ಕೆಲವರಲ್ಲಿ ಶೋಕಕ್ಕೆ ಬಿಳಿ, ಇನ್ನು ಕೆಲವರಲ್ಲಿ ಕಪ್ಪು. ಆ ಮನೆಯ ರೀತಿ ಗೊತ್ತಿರುವ ಬೇರೆ ಯಾರನ್ನಾದರೂ ಕೇಳಿ, ದುಃಖದಲ್ಲಿರುವವರನ್ನೇ ಕೇಳಬೇಡಿ. ಉತ್ತರ ಸಿಗದಿದ್ದರೆ ಕಡುನೀಲಿ ಎರಡೂ ಕಡೆ ನಡೆಯುತ್ತದೆ.

ಕಪ್ಪು ಅಂದ ಮಾತ್ರಕ್ಕೆ ಸ್ಯಾಟಿನ್ ಶರ್ಟ್ ಆಗುವುದಿಲ್ಲ. ಇಲ್ಲಿ ಬಣ್ಣಕ್ಕಿಂತ ಹೊಳಪೇ ಹೆಚ್ಚು ಕಣ್ಣಿಗೆ ಬೀಳುವುದು. ಸ್ಯಾಟಿನ್ ನೇಯ್ಗೆಯಲ್ಲಿ ಒಂದು ನೂಲು ಸಾಮಾನ್ಯವಾಗಿ 4 ಅಥವಾ ಅದಕ್ಕೂ ಹೆಚ್ಚು ಅಡ್ಡನೂಲುಗಳ ಮೇಲೆ ಹಾದು ಆಮೇಲೆ ಕೆಳಗಿಳಿಯುತ್ತದೆ. ಅದರಿಂದ ಬಟ್ಟೆಯ ಮೈ ನುಣುಪಾಗಿ, ಬೆಳಕನ್ನು ಕನ್ನಡಿಯ ಹಾಗೆ ತಿರುಗಿಸುತ್ತದೆ. ರಾತ್ರಿ ಕೋಣೆಯಲ್ಲಿ ಸಪ್ಪೆಯಾಗಿ ಕಂಡದ್ದು ಬೆಳಗಿನ ಬಿಸಿಲಲ್ಲಿ ಪಾರ್ಟಿಗೆ ಹೊರಟವರ ಬಟ್ಟೆಯಂತೆ ಕಾಣುತ್ತದೆ. ಅನುಮಾನವಿದ್ದರೆ ಫೋನಿನ ಫ್ಲ್ಯಾಶ್ ಹಾಕಿ ಒಂದು ಫೋಟೋ ತೆಗೆದು ನೋಡಿ, ಬಿಳಿ ಪಟ್ಟೆಗಳು ಬಿದ್ದರೆ ಅದನ್ನು ವಾಪಸ್ ಬೀರುವಿನಲ್ಲಿಡಿ.

ಇಸ್ತ್ರಿಯಿಂದಲೂ ಇದೇ ತೊಂದರೆ ಬರುತ್ತದೆ. ಗಾಢ ಬಣ್ಣದ ಪ್ಯಾಂಟಿನ ಮೇಲೆ ಕಾದ ಪೆಟ್ಟಿಗೆಯನ್ನು ನೇರವಾಗಿ ಒತ್ತಿದರೆ ಎಳೆಗಳು ಚಪ್ಪಟೆಯಾಗಿ ಹೊಲಿಗೆಯ ಮೇಲೆ, ಜೇಬಿನ ಅಂಚಿನಲ್ಲಿ ಹೊಳೆಯುವ ಕಲೆ ಬೀಳುತ್ತದೆ. ಬಟ್ಟೆಯನ್ನು ಒಳಮಗ್ಗುಲಾಗಿ ತಿರುಗಿಸಿ, ಮೇಲೊಂದು ತೆಳು ಕಾಟನ್ ಬಟ್ಟೆ ಹಾಸಿ ಇಸ್ತ್ರಿ ಮಾಡಿ.

ತಿಳಿ ಬೂದು ಬಣ್ಣ ಗಂಭೀರವಾಗಿಯೇ ಇದೆ, ಅದರ ದೋಷ ಬೆವರು. ಒದ್ದೆಯಾದ ಜಾಗ ಎದ್ದು ಕಾಣುವುದರಲ್ಲಿ ಬೂದು ಕಾಟನ್ನನ್ನು ಮೀರಿಸುವ ಬಟ್ಟೆ ಕಡಿಮೆ. ಅಂತ್ಯಕ್ರಿಯೆಯಲ್ಲಿ ಗಂಟೆಗಟ್ಟಲೆ ನಿಲ್ಲಬೇಕಾಗಬಹುದು. ಅಂಚಿನ ಒಳಭಾಗಕ್ಕೆ ಒಂದು ಹನಿ ನೀರು ಬಿಟ್ಟು ನೋಡಿ, ಕಡುನೀಲಿಯ ಮೇಲೂ ಹಾಗೇ ಮಾಡಿ, ವ್ಯತ್ಯಾಸ ತಿಳಿಯುತ್ತದೆ.

ಬಿಳಿಯೇ ಬೇಕು ಅಂದರೆ ಆ ತೆಳು ಕುರ್ತಾವನ್ನೇ ಹಾಕಬಹುದು, ಆದರೆ ಒಳಗೆ ಬಿಳಿ ಬಟ್ಟೆ ಬೇಡ. ಬಿಳಿಯ ಕೆಳಗಿನ ಬಿಳಿ ಅಂಚು ಸ್ಪಷ್ಟವಾಗಿ ಗೆರೆ ಮೂಡಿಸುತ್ತದೆ. ನಿಮ್ಮ ಮೈಬಣ್ಣಕ್ಕೆ ಹತ್ತಿರದ ಒಳಬಟ್ಟೆ ಹಾಕಿ ಕಿಟಕಿಗೆ ಬೆನ್ನು ಮಾಡಿ ನಿಂತು, ಎದುರಿಗಿರುವವರಿಗೆ ಏನು ಕಾಣುತ್ತದೆ ಎಂದು ಕೇಳಿ.

ಬಟ್ಟೆ ಆರಿಸಿದ ಮೇಲೆ ರಾತ್ರಿಯೇ ತೊಟ್ಟು ನೋಡಿ. ನಿಂತು ನೋಡಿದರೆ ಸಾಲದು. ಅಲ್ಲಿ ಕುರ್ಚಿ ಸಿಗದೆ ನೆಲದ ಮೇಲೆ ಕೂರಬೇಕಾಗಬಹುದು, ಹೂವಿಡಲು ಬಗ್ಗಬೇಕು, ಯಾರನ್ನಾದರೂ ತಬ್ಬಿ ಸಮಾಧಾನ ಮಾಡಬೇಕು. ಆದ್ದರಿಂದ ಚಕ್ಕಂಬಕ್ಕಳ ಹಾಕಿ ಕೂತು, ಕೈಯೂರದೆ ಏಳಿ. ಕನ್ನಡಿಯ ಮುಂದೆ ಸೊಂಟದಿಂದ ಬಗ್ಗಿ, ಎರಡೂ ಕೈ ಮೇಲೆತ್ತಿ. ಕುತ್ತಿಗೆ ಜೋತುಬಿದ್ದು ಒಳಗೆ ಕಂಡರೆ ಒಳಗಿನಿಂದ ಒಂದು ಸೇಫ್ಟಿ ಪಿನ್ ಸಾಕು. ಬಗ್ಗಿದಾಗ ಹಿಂದಿನಿಂದ ಬೆನ್ನು ಕಾಣುತ್ತಿದ್ದರೆ ಪಿನ್ನಿನಿಂದ ಆಗದು, ಉದ್ದನೆಯ ಬನಿಯನ್ ಬೇಕು.

ಚಪ್ಪಲಿ ಸದ್ದು ಮಾಡದ್ದು, ಬಗ್ಗದೆ ಕಳಚಲು ಬರುವಂಥದ್ದು ಇರಲಿ. ಶೂ ಆದರೆ ಸಾಕ್ಸ್ ತೂತಾಗಿದೆಯೋ ನೋಡಿಕೊಳ್ಳಿ, ಬಾಗಿಲಲ್ಲಿ ಬಿಚ್ಚಿದಾಗಲೇ ಅದು ನೆನಪಾಗುವುದು. ಗಲಗಲ ಎನ್ನುವ ಬಳೆ, ಸೆಂಟು ಎರಡೂ ಬೇಡ. ಬೆಂಕಿಯ ಹತ್ತಿರ ನಿಲ್ಲುವ ಸಂಭವವಿದ್ದರೆ ಪಾಲಿಯೆಸ್ಟರ್ ದುಪಟ್ಟಾ ಬಿಟ್ಟುಬಿಡಿ. ಅದು ಕರಗಿ ಚರ್ಮಕ್ಕೆ ಅಂಟುತ್ತದೆ. ಕಾಟನ್ ಕೂಡ ಹೊತ್ತಿಕೊಳ್ಳುತ್ತದೆ, ಹಾಗಾಗಿ ಯಾವ ಸೆರಗಾದರೂ ಸಿಕ್ಕಿಸಿಕೊಂಡೇ ನಿಲ್ಲಬೇಕು.

ಕಡುನೀಲಿ ಕುರ್ತಾ ಇನ್ನೂ ಹೊಸದಾಗಿದ್ದರೆ ಕೊನೆಯದಾಗಿ ಇದೊಂದು ಮಾಡಿ. ಬಿಳಿ ಕರವಸ್ತ್ರ ಒದ್ದೆ ಮಾಡಿ ಹಿಂಡಿ, ಒಳಅಂಚಿನ ಮೇಲೆ 10 ಸಲ ಉಜ್ಜಿ. ಕರವಸ್ತ್ರ ನೀಲಿಯಾದರೆ, ನಿಮ್ಮ ಹೆಗಲ ಮೇಲೆ ತಲೆಯಿಟ್ಟು ಅತ್ತವರ ಬಿಳಿ ಬಟ್ಟೆಗೂ ಆ ಬಣ್ಣ ಹತ್ತುತ್ತದೆ. ಆಗ ಬೂದು ಶರ್ಟನ್ನೇ ಹಾಕಿ, ಬೆವರು ಹೀರಲು ಒಳಗೆ ತೋಳಿರುವ ಕಾಟನ್ ಬನಿಯನ್ ತೊಡಿ.