ಬ್ಯಾಂಕ್ ಗ್ಯಾರಂಟಿ: ಸಹಿ ಹಾಕುವ ಮುಂಚೆ

ಓದುಗರ ಪತ್ರ: ನಾನು ಹಾವೇರಿ ಜಿಲ್ಲೆಯ ಸಣ್ಣ ಸಿವಿಲ್ ಕಂಟ್ರಾಕ್ಟರ್. ಮೊದಲ ಸಲ 80 ಲಕ್ಷದ ಕೆಲಸ ಸಿಕ್ಕಿದೆ, ಶಾಲಾ ಕೊಠಡಿಗಳು. ಇಲಾಖೆಯವರು ಶೇ 5ರಷ್ಟು, ಅಂದರೆ 4 ಲಕ್ಷಕ್ಕೆ ಬ್ಯಾಂಕ್ ಗ್ಯಾರಂಟಿ ಕೇಳಿದ್ದಾರೆ. ಬ್ಯಾಂಕಿನವರು ಶೇ 25 ಮಾರ್ಜಿನ್ ದುಡ್ಡು ಇಡಿ, ಸೈಟಿನ ಪತ್ರ ಕೊಡಿ, ಕಮಿಷನ್ ವರ್ಷಕ್ಕೆ ಶೇ 2 ಅಂದರು. ಒಟ್ಟು ಎಷ್ಟು ಖರ್ಚು ಬೀಳುತ್ತೆ? ನಮ್ಮ ಪರಿಚಯದ ಒಬ್ಬರ ಗ್ಯಾರಂಟಿ ಇನ್ವೋಕ್ ಆಗಿ, ಅಂದರೆ ಇಲಾಖೆ ಬ್ಯಾಂಕಿನಿಂದ ಗ್ಯಾರಂಟಿಯ ದುಡ್ಡು ಕೇಳಿ ಪಡೆದು, ಅವರು ಸಾಲದಲ್ಲಿ ಬಿದ್ದರು. ಬ್ಯಾಂಕು ನಮ್ಮನ್ನು ಒಂದು ಮಾತೂ ಕೇಳದೆ ದುಡ್ಡು ಕೊಡಬಹುದಾ?

ಸಂಪಾದಕರ ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಹೌದು, ಕೊಡಬಹುದು. ಕೊಡಲೇಬೇಕು ಕೂಡ. ಬ್ಯಾಂಕಿನಲ್ಲಿ ಗ್ಯಾರಂಟಿಯ ಕರಡು ಕೇಳಿ ತೆಗೆದುಕೊಂಡು ನಿಧಾನವಾಗಿ ಓದಿ. ಇಲಾಖೆ ಲಿಖಿತವಾಗಿ ಕೇಳಿದ ಕೂಡಲೇ, ತಕರಾರಿಲ್ಲದೆ, ಕಂಟ್ರಾಕ್ಟರ್ ಏನೇ ಆಕ್ಷೇಪ ಹೇಳಿದರೂ ಲೆಕ್ಕಿಸದೆ, ಇಷ್ಟು ಮೊತ್ತದವರೆಗೆ ಕೊಡುತ್ತೇವೆ ಎಂಬರ್ಥದ ಸಾಲು ಅದರಲ್ಲಿ ಇದ್ದೇ ಇರುತ್ತದೆ. ಇದು ಬ್ಯಾಂಕು ಇಲಾಖೆಗೆ ಕೊಟ್ಟ ಮಾತು. ನಿಮಗೂ ಇಲಾಖೆಗೂ ಇರುವ ಜಗಳ ಆ ಮಾತಿಗೆ ಸಂಬಂಧಪಡುವುದಿಲ್ಲ. ಕೆಲಸ ಸರಿಯಾಗಿದೆಯೋ ಇಲ್ಲವೋ, ತಡ ಆದದ್ದು ಯಾರಿಂದ, ಬಿಲ್ಲು ಬಾಕಿ ಇದೆಯೋ ಇಲ್ಲವೋ, ಇದ್ಯಾವುದನ್ನೂ ಮ್ಯಾನೇಜರ್ ವಿಚಾರಿಸುವ ಹಾಗಿಲ್ಲ. ಅವರು ನೋಡುವುದು ಮೂರೇ ವಿಷಯ. ಪತ್ರ ಗ್ಯಾರಂಟಿಯಲ್ಲಿ ಹೇಳಿದ ರೀತಿಯಲ್ಲಿದೆಯಾ, ಸರಿಯಾದ ಅಧಿಕಾರಿ ಸಹಿ ಮಾಡಿದ್ದಾರಾ, ಗಡುವಿನ ಒಳಗೆ ಬಂದಿದೆಯಾ. ಇನ್ವೋಕ್ ಆದ ಗ್ಯಾರಂಟಿಗೆ ತಡಮಾಡದೆ ದುಡ್ಡು ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ ಕೂಡ ಬ್ಯಾಂಕುಗಳಿಗೆ ಸ್ಪಷ್ಟವಾಗಿ ಹೇಳಿದೆ.

ಇನ್ನು ಖರ್ಚು. ನಿಮ್ಮದೇ ಲೆಕ್ಕ ಹಾಕೋಣ. ಒಂಬತ್ತು ತಿಂಗಳ ಕೆಲಸ, ಆಮೇಲೆ ಒಂದು ವರ್ಷ ದೋಷ ಸರಿಪಡಿಸುವ ಹೊಣೆ, ಮೇಲೆ ಸ್ವಲ್ಪ ಕಾಲಾವಕಾಶ. ಹೀಗೆ ಗ್ಯಾರಂಟಿ 24 ತಿಂಗಳಿಗೆ ಎಂದು ಇಟ್ಟುಕೊಳ್ಳೋಣ. 4 ಲಕ್ಷಕ್ಕೆ ಶೇ 2 ಅಂದರೆ ವರ್ಷಕ್ಕೆ 8,000 ರೂಪಾಯಿ. ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿದರೆ 9,440. ಎರಡು ವರ್ಷಕ್ಕೆ 18,880. ಇಷ್ಟೇ ತಾನೇ ಅಂದುಕೊಳ್ಳಬೇಡಿ. ಗ್ಯಾರಂಟಿಯ ಅವಧಿ ಮುಗಿದ ಮೇಲೆ ‘ಕ್ಲೇಮ್ ಪೀರಿಯಡ್’ ಅಂತ ಇನ್ನೊಂದು ವರ್ಷ ಸೇರಿಸುವ ವಾಡಿಕೆ ಇದೆ. ಅವಧಿಯೊಳಗೆ ನಡೆದ ತಪ್ಪಿಗೆ ಇಲಾಖೆ ಆ ಒಂದು ವರ್ಷದಲ್ಲೂ ದುಡ್ಡು ಕೇಳಬಹುದು. ಭಾರತೀಯ ಕರಾರು ಕಾಯ್ದೆಯ 28ನೇ ಸೆಕ್ಷನ್ನಿಗೆ 2013ರಲ್ಲಿ ಜಾರಿಗೆ ಬಂದ ತಿದ್ದುಪಡಿಯನ್ನು ಬ್ಯಾಂಕುಗಳು ಅರ್ಥ ಮಾಡಿಕೊಂಡ ರೀತಿಯಿಂದ ಈ ವಾಡಿಕೆ ಬೆಳೆಯಿತು. ಈ ಒಂದು ವರ್ಷ ಕಡ್ಡಾಯವಲ್ಲ ಎಂದು 2021ರಲ್ಲಿ ದೆಹಲಿ ಹೈಕೋರ್ಟ್ ಹೇಳಿತು. ಆದರೂ ಕರಡಿನಲ್ಲಿ ಅದು ಬರುತ್ತಲೇ ಇರುತ್ತದೆ. ಎಷ್ಟೋ ಬ್ಯಾಂಕುಗಳು ಆ ವರ್ಷಕ್ಕೂ ಕಮಿಷನ್ ಹಿಡಿಯುತ್ತವೆ. ಆಗ ನಿಮ್ಮ ಖರ್ಚು 28,320. ಕ್ಲೇಮ್ ಪೀರಿಯಡ್ ಇದೆಯಾ, ಅದಕ್ಕೂ ಕಮಿಷನ್ ಇದೆಯಾ ಎಂದು ಈಗಲೇ ಬಾಯಿಬಿಟ್ಟು ಕೇಳಿ. ಟೆಂಡರ್ ಅದನ್ನು ಕೇಳಿಲ್ಲ ಅಂದರೆ ತೆಗೆಯಲು ಹೇಳಿ. ಛಾಪಾ ಶುಲ್ಕ, ಪ್ರೊಸೆಸಿಂಗ್ ಫೀ ಬೇರೆ.

ಜನ ಲೆಕ್ಕಕ್ಕೇ ಹಿಡಿಯದ ಖರ್ಚು ಮಾರ್ಜಿನ್ನಿನದು. ನಿಮ್ಮ ಒಂದು ಲಕ್ಷವನ್ನು ಬ್ಯಾಂಕು ಎಫ್‌ಡಿ ಮಾಡಿ ಅದರ ಮೇಲೆ ಲೀನ್ ಹಾಕುತ್ತದೆ, ಅಂದರೆ ತನ್ನ ಹಿಡಿತದಲ್ಲಿ ಇಟ್ಟುಕೊಳ್ಳುತ್ತದೆ. ದುಡ್ಡು ನಿಮ್ಮದೇ, ಬಡ್ಡಿಯೂ ನಿಮಗೇ. ಆದರೆ ಗ್ಯಾರಂಟಿ ವಾಪಸ್ ಬರುವವರೆಗೆ ಮುಟ್ಟುವಂತಿಲ್ಲ. ಎಫ್‌ಡಿಗೆ ಶೇ 6.5 ಬಡ್ಡಿ ಸಿಕ್ಕಿತು ಅನ್ನೋಣ. ಅದೇ ಒಂದು ಲಕ್ಷ ಕೈಯಲ್ಲಿ ಇಲ್ಲದ ಕಾರಣ ಸಿಮೆಂಟು, ಕಬ್ಬಿಣಕ್ಕೆ ನೀವು ಹೊರಗೆ ಶೇ 18ರ ಬಡ್ಡಿಗೆ ತಂದರೆ ವರ್ಷಕ್ಕೆ 11,500 ರೂಪಾಯಿ ನಷ್ಟ. ಮೂರು ವರ್ಷಕ್ಕೆ 34,500. ಕಮಿಷನ್ನಿಗಿಂತ ಇದೇ ಜಾಸ್ತಿ ಆಯಿತು ನೋಡಿ. ಎರಡೂ ಸೇರಿ ಸುಮಾರು 63,000. 80 ಲಕ್ಷದ ಕೆಲಸದಲ್ಲಿ ಶೇ 8 ಲಾಭ ಅಂದರೆ 6.4 ಲಕ್ಷ. ಅದರಲ್ಲಿ ಹತ್ತರಲ್ಲೊಂದು ಪಾಲು ಗ್ಯಾರಂಟಿಗೇ ಹೋಯಿತು. ಮುಂದಿನ ಟೆಂಡರಿಗೆ ದರ ಹಾಕುವಾಗ ಇದನ್ನು ಸೇರಿಸಿಕೊಂಡೇ ಬರೆಯಿರಿ.

ಶೇ 25 ಮಾರ್ಜಿನ್ನಿಗೆ ಬ್ಯಾಂಕು ಒಪ್ಪಿದ್ದು ನಿಮ್ಮ ಸೈಟನ್ನು ಆಧಾರವಾಗಿ ಇಟ್ಟುಕೊಂಡು. ಆಧಾರ ಕೊಡದವರಿಗೆ ಪೂರ್ತಿ ಮಾರ್ಜಿನ್ ಕೇಳುತ್ತಾರೆ, 4 ಲಕ್ಷಕ್ಕೆ 4 ಲಕ್ಷ. ಹಾಗೆ ಕೇಳಿದರೆ ಸುಮ್ನೆ ಕಮಿಷನ್ ಯಾಕೆ ಕೊಡಬೇಕು? ಟೆಂಡರ್ ಷರತ್ತಿನಲ್ಲಿ ಎಫ್‌ಡಿ ಅಥವಾ ಉಳಿತಾಯ ಪತ್ರಕ್ಕೆ ಒಪ್ಪಿಗೆ ಇದೆಯಾ ನೋಡಿ. ಇದ್ದರೆ ಅದನ್ನೇ ಇಲಾಖೆಯ ಹೆಸರಿಗೆ ಅಡವಿಟ್ಟರೆ ಆಯಿತು. ನನ್ನ ಅಭಿಪ್ರಾಯ ಕೇಳಿದರೆ, ಮನೆಯವರ ಒಂದೇ ಸೈಟನ್ನು 4 ಲಕ್ಷದ ಗ್ಯಾರಂಟಿಗಾಗಿ ಬ್ಯಾಂಕಿಗೆ ಒಪ್ಪಿಸುವುದು ನನಗೆ ಸರಿ ಕಾಣುವುದಿಲ್ಲ. ಸಣ್ಣ ಉದ್ಯಮಗಳ ಸಾಲಕ್ಕೆ ಖಾತರಿ ಕೊಡುವ ಸಿಜಿಟಿಎಂಎಸ್‌ಇ ಯೋಜನೆಯಲ್ಲಿ ಬ್ಯಾಂಕ್ ಗ್ಯಾರಂಟಿಯಂಥ ಸೌಲಭ್ಯಗಳಿಗೂ ಜಾಗವಿದೆ. ನಿಮಗೆ ಉದ್ಯಮ್ ನೋಂದಣಿ ಇದ್ದರೆ ಆ ಯೋಜನೆಯಡಿ ಕೊಡುತ್ತೀರಾ ಎಂದು ಮ್ಯಾನೇಜರನ್ನು ಮೊದಲು ಕೇಳಿ. ಅದರ ಶುಲ್ಕ ಬೇರೆ ಇರುತ್ತದೆ. ಆದರೂ ಸೈಟು ಉಳಿಯುತ್ತದೆ ಅಲ್ವಾ?

ಈಗ ಇನ್ವೋಕ್ ಆದರೆ ಏನಾಗುತ್ತದೆ ಎಂದು ನೋಡೋಣ. ಇಪ್ಪತ್ತನೇ ತಿಂಗಳಲ್ಲಿ ಕೊಠಡಿಯ ಮಾಳಿಗೆ ಸೋರಿತು, ನೋಟಿಸ್ ಕೊಟ್ಟರೂ ಕಂಟ್ರಾಕ್ಟರ್ ಬರಲಿಲ್ಲ ಎಂದು ಇಲಾಖೆ ಬ್ಯಾಂಕಿಗೆ ಪತ್ರ ಬರೆಯಿತು ಅನ್ನಿ. ಬ್ಯಾಂಕು 4 ಲಕ್ಷ ಕಳಿಸುತ್ತದೆ. ಅದೇ ದಿನ ನಿಮ್ಮ ಎಫ್‌ಡಿ ಮುರಿಯುತ್ತದೆ. ಬಡ್ಡಿ ಸೇರಿ ಸುಮಾರು 1,11,000 ಸಿಕ್ಕಿತು. ಕರೆಂಟ್ ಖಾತೆಯಲ್ಲಿದ್ದ 39,000ವನ್ನೂ ಎಳೆದುಕೊಂಡಿತು. ಕೂಲಿಗೆ ಅಂತ ಇಟ್ಟ ದುಡ್ಡೇ ಆಗಿದ್ದರೂ ಅಷ್ಟೇ. ಉಳಿದ 2.5 ಲಕ್ಷ ನಿಮ್ಮ ಹೆಸರಿನಲ್ಲಿ ಸಾಲ. ಇದಕ್ಕೆ ನೀವು ಹೊಸದಾಗಿ ಎಲ್ಲೂ ಸಹಿ ಮಾಡಬೇಕಾಗಿಲ್ಲ. ಗ್ಯಾರಂಟಿ ಪಡೆಯುವ ದಿನವೇ ಕೌಂಟರ್ ಗ್ಯಾರಂಟಿ ಎಂಬ ಕಾಗದಕ್ಕೆ ಸಹಿ ಹಾಕಿರುತ್ತೀರಿ. ಬ್ಯಾಂಕು ಎಷ್ಟು ಕೊಟ್ಟರೂ ಅಷ್ಟನ್ನೂ ಬಡ್ಡಿ ಸಮೇತ ತುಂಬಿಕೊಡುತ್ತೇನೆ ಎನ್ನುವುದೇ ಅದರ ಸಾರ. ಹೆಂಡತಿಯೋ ತಂದೆಯೋ ಜಾಮೀನು ಹಾಕಿದ್ದರೆ ಅವರೂ ಇದಕ್ಕೆ ಬಾಧ್ಯರು.

ಶೇ 14ರ ಬಡ್ಡಿ ಅಂದರೂ ಆ 2.5 ಲಕ್ಷಕ್ಕೆ ತಿಂಗಳಿಗೆ 2,900 ರೂಪಾಯಿ. 90 ದಿನ ದಾಟಿಯೂ ಕಟ್ಟದಿದ್ದರೆ ಖಾತೆ ಎನ್‌ಪಿಎ, ಅಂದರೆ ಕೆಟ್ಟ ಸಾಲದ ಪಟ್ಟಿಗೆ ಸೇರುತ್ತದೆ. ನಿಮಗೆ ಅದೇ ಬ್ಯಾಂಕಿನಲ್ಲಿ ಓವರ್‌ಡ್ರಾಫ್ಟ್ ಇದ್ದರೆ ಅದೂ ಜೊತೆಗೇ ಎನ್‌ಪಿಎ ಆಗುತ್ತದೆ. ಆಮೇಲೆ ಹೊಸ ಗ್ಯಾರಂಟಿ ಸಿಗುವುದು ಕಷ್ಟ. ಗ್ಯಾರಂಟಿ ಇಲ್ಲದೆ ಹೊಸ ಕೆಲಸವೂ ಕಷ್ಟ. ನಿಮ್ಮ ಪರಿಚಯದವರು ಸಾಲದಲ್ಲಿ ಬಿದ್ದದ್ದು ಬಹುಶಃ ಹೀಗೇ. ಅಡವಿಟ್ಟ ಸೈಟಿನ ಮೇಲೆ ಸರ್ಫೇಸಿ ಕಾಯ್ದೆಯಡಿ 60 ದಿನದ ನೋಟಿಸ್ ಕೊಟ್ಟು, ಆಮೇಲೆ ಬ್ಯಾಂಕು ಅದನ್ನು ವಶಕ್ಕೆ ತೆಗೆದುಕೊಂಡು ಮಾರಬಹುದು. ಕೃಷಿ ಜಮೀನಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ, ಮನೆ ಸೈಟಿಗೆ ಅನ್ವಯಿಸುತ್ತದೆ.

ಕೋರ್ಟಿಗೆ ಹೋಗಿ ತಡೆ ತರಬಹುದಲ್ಲ ಅನ್ನುತ್ತೀರಿ. ಸುಪ್ರೀಂ ಕೋರ್ಟ್ ಎರಡೇ ಬಾಗಿಲು ಬಿಟ್ಟಿದೆ. ಗ್ಯಾರಂಟಿಯ ಬುಡಕ್ಕೇ ತಾಗುವಂಥ ಘೋರ ವಂಚನೆ ಒಂದು. ಮತ್ತೆಂದೂ ತುಂಬಿಕೊಳ್ಳಲು ಆಗದಂಥ ಅನ್ಯಾಯ ಇನ್ನೊಂದು. ‘ತಪ್ಪು ನನ್ನದಲ್ಲ’ ಎನ್ನುವುದು ಎರಡರಲ್ಲೂ ಬರುವುದಿಲ್ಲ. ಆದರೆ ಇನ್ವೋಕ್ ಮಾಡಿದ ಪತ್ರವೇ ಗ್ಯಾರಂಟಿಯ ಷರತ್ತಿಗೆ ಹೊಂದದಿದ್ದರೆ ಕಥೆ ಬೇರೆ. ಹಿಂದೂಸ್ತಾನ್ ಕನ್‌ಸ್ಟ್ರಕ್ಷನ್ ಕಂಪನಿ ಮತ್ತು ಬಿಹಾರ ಸರ್ಕಾರದ ನಡುವಿನ 1999ರ ಪ್ರಕರಣದಲ್ಲಿ ಗ್ಯಾರಂಟಿಯ ಪ್ರಕಾರ ದುಡ್ಡು ಕೇಳಬೇಕಾದವರು ಚೀಫ್ ಇಂಜಿನಿಯರ್. ಪತ್ರ ಬರೆದವರು ಎಕ್ಸಿಕ್ಯುಟಿವ್ ಇಂಜಿನಿಯರ್. ಆ ಇನ್ವೋಕೇಶನ್ ನಿಲ್ಲುವುದಿಲ್ಲ ಎಂದಿತು ಸುಪ್ರೀಂ ಕೋರ್ಟ್. ಅದಕ್ಕೇ ಯಾರು ಕೇಳಬೇಕು, ಯಾವ ಶಾಖೆಯಲ್ಲಿ, ಯಾವ ತಾರೀಖಿನೊಳಗೆ ಎಂಬುದನ್ನು ಕರಡಿನಲ್ಲೇ ಸ್ಪಷ್ಟ ಮಾಡಿಸಿ. ಟೆಂಡರಿನ ಜೊತೆ ಬರುವ ನಮೂನೆಯಲ್ಲಿ ಹೆಚ್ಚು ಬದಲಾವಣೆಗೆ ಇಲಾಖೆ ಒಪ್ಪುವುದಿಲ್ಲ. ಅಧಿಕಾರಿಯ ಹುದ್ದೆ, ತಾರೀಖುಗಳನ್ನು ಖಾಲಿ ಬಿಡದೆ ತುಂಬಿಸುವುದಕ್ಕಂತೂ ಯಾರೂ ಅಡ್ಡ ಬರುವುದಿಲ್ಲ.

ದುಡ್ಡು ಹೋದ ಮೇಲೂ ನಿಮ್ಮ ಹಕ್ಕು ಮುಗಿಯುವುದಿಲ್ಲ. ಮಾಳಿಗೆ ರಿಪೇರಿಗೆ ಇಲಾಖೆಗೆ ತಗುಲಿದ್ದು 90,000 ಆಗಿದ್ದರೆ ಉಳಿದ 3.1 ಲಕ್ಷ ವಾಪಸ್ ಕೇಳಿ ಮಧ್ಯಸ್ಥಿಕೆಗೆ ಅಥವಾ ಸಿವಿಲ್ ಕೋರ್ಟಿಗೆ ಹೋಗಬಹುದು. ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ ಇರುತ್ತದೆ. ಆದರೆ ಅಲ್ಲಿ ತೀರ್ಪು ಬರುವವರೆಗೆ ಬ್ಯಾಂಕಿನ ಬಡ್ಡಿ ನಿಲ್ಲುವುದಿಲ್ಲ. ಮೊದಲು ಬ್ಯಾಂಕಿನ ಬಾಕಿ ಕಟ್ಟಿಕೊಳ್ಳಿ, ಜಗಳ ಆಮೇಲೆ.

ನಿಮ್ಮಂಥವರನ್ನು ಕಾಡುವುದು ಸೋರುವ ಮಾಳಿಗೆಗಿಂತ ತಾರೀಖು. ಜಾಗ ಬಿಟ್ಟುಕೊಡುವುದು ತಡ, ಬಿಲ್ಲು ತಡ. ಹೀಗಾಗಿ ಕೆಲಸ ಮುಂದೆ ಹೋಗುತ್ತದೆ, ಗ್ಯಾರಂಟಿಯ ಅವಧಿ ಮಾತ್ರ ಅಲ್ಲೇ ನಿಂತಿರುತ್ತದೆ. ಅದು ಮುಗಿಯುವ ಕೆಲವೇ ದಿನ ಮುಂಚೆ ಇಲಾಖೆಯಿಂದ ಬ್ಯಾಂಕಿಗೆ ಪತ್ರ ಬರುತ್ತದೆ: ಅವಧಿ ವಿಸ್ತರಿಸಿ, ಇಲ್ಲವಾದರೆ ಇದನ್ನೇ ಬೇಡಿಕೆ ಎಂದು ತಿಳಿದು ದುಡ್ಡು ಕೊಡಿ. ಅಧಿಕಾರಿಗೆ ನಿಮ್ಮ ಮೇಲೆ ಸಿಟ್ಟೇನೂ ಇರಬೇಕಾಗಿಲ್ಲ. ಗ್ಯಾರಂಟಿ ಲ್ಯಾಪ್ಸ್ ಆದರೆ ಆಡಿಟ್‌ನಲ್ಲಿ ಸಿಕ್ಕಿಹಾಕಿಕೊಳ್ಳುವವರು ಅವರೇ. ಆದ್ದರಿಂದ ಅವಧಿ ಮುಗಿಯುವ ಎರಡು ತಿಂಗಳು ಮುಂಚೆಯೇ ನೀವಾಗಿ ಬ್ಯಾಂಕಿಗೆ ವಿಸ್ತರಣೆಯ ಅರ್ಜಿ ಕೊಡಿ. ಮಾರ್ಜಿನ್ ಎಫ್‌ಡಿಯ ಅವಧಿಯನ್ನೂ ಜೊತೆಗೇ ಮುಂದೂಡಬೇಕಾಗುತ್ತದೆ. ಕಮಿಷನ್ ಮತ್ತೆ ಬೀಳುತ್ತದೆ. ತಡ ಇಲಾಖೆಯಿಂದ ಆಗಿದ್ದರೆ ಆ ಖರ್ಚನ್ನು ಪತ್ರದಲ್ಲಿ ದಾಖಲಿಸಿಡಿ, ಮುಂದೆ ಕೇಳಲು ಆಧಾರ ಬೇಕು.

ಕೆಲಸ ಮುಗಿದು, ದೋಷದ ಹೊಣೆಯ ವರ್ಷವೂ ದಾಟಿದ ಮೇಲೆ ಗ್ಯಾರಂಟಿಯ ಮೂಲ ಪ್ರತಿಯನ್ನು ಇಲಾಖೆಯಿಂದ ವಾಪಸ್ ಕೇಳಿ ಪಡೆಯಿರಿ. ತಾರೀಖು ಮುಗಿಯಿತು, ತಾನಾಗಿಯೇ ರದ್ದಾಯಿತು ಎಂದು ಸುಮ್ಮನೆ ಕೂತರೆ ಬ್ಯಾಂಕು ಲೀನ್ ತೆಗೆಯಲು ತಿಂಗಳುಗಟ್ಟಲೆ ಓಡಾಡಿಸಬಹುದು. ಮೂಲ ಪ್ರತಿ ಕಡತದಲ್ಲಿ ಸಿಗುತ್ತಿಲ್ಲ ಅಂದರೆ ಈ ಗ್ಯಾರಂಟಿಯ ಮೇಲೆ ನಮ್ಮ ಯಾವ ಹಕ್ಕೂ ಉಳಿದಿಲ್ಲ ಎಂದು ಇಲಾಖೆಯಿಂದ ಬರೆಸಿಕೊಳ್ಳಿ. ಅದರಲ್ಲಿ ಗ್ಯಾರಂಟಿ ನಂಬರು, ತಾರೀಖು, ಮೊತ್ತ ಮೂರೂ ಇರಲಿ. ಅದನ್ನು ಬ್ಯಾಂಕಿಗೆ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಎಫ್‌ಡಿ ಬಿಡುಗಡೆಗೂ ಸೈಟಿನ ಪತ್ರಕ್ಕೂ ಅದೇ ದಿನ ಅರ್ಜಿ ಕೊಡಿ.