ಬೀಳೋ ಹಲ್ಲಿಗೆ ಸ್ಟೀಲ್ ಕ್ಯಾಪ್ ಯಾಕೆ

"ಮಗಳಿಗೆ 5 ವರ್ಷ, ಹಿಂದಿನ ಹಾಲು ದವಡೆ ಹಲ್ಲು ಹುಳುಕಾಗಿದೆ, ಡಾಕ್ಟ್ರು ಸ್ಟೀಲ್ ಕ್ಯಾಪ್ ಅಂತಾರೆ. ಹೇಗಿದ್ರೂ ಬೀಳೋ ಹಲ್ಲಲ್ವಾ, ಫಿಲ್ಲಿಂಗ್ ಸಾಕಾಗಲ್ವಾ?"

ಆ ಹಲ್ಲು ಬೀಳೋದು 10-12 ವರ್ಷಕ್ಕೆ, ಅಲ್ಲೀವರೆಗೆ ಅಗಿಯೋಕೆ ಬೇಕಲ್ಲ. ಹುಳುಕು ಎರಡು ಹಲ್ಲಿನ ಸಂದಿಗೆ ಹೋಗಿದ್ರೆ ಅಥವಾ ನರದ ಟ್ರೀಟ್‌ಮೆಂಟ್ ಆಗಿದ್ರೆ ಉಳಿದಿರೋ ಗೋಡೆ ತೆಳು, ದೊಡ್ಡ ಫಿಲ್ಲಿಂಗ್ ಒಡೆದು ಬರತ್ತೆ, ಅದಕ್ಕೇ ಕ್ಯಾಪ್. ರಾತ್ರಿ ನೋವು, ವಸಡಲ್ಲಿ ಕೀವುಗುಳ್ಳೆ ಇಲ್ದೆ ಎಕ್ಸ್‌ರೇನಲ್ಲೂ ನರ ಚೆನ್ನಾಗಿದ್ರೆ ಹಾಲ್ ಟೆಕ್ನಿಕ್ ಅನ್ನೋ ವಿಧಾನದಲ್ಲಿ ಕ್ಯಾಪ್ ಹಾಕೋಕಾಗತ್ತಾ ಕೇಳಿ, ಅದ್ರಲ್ಲಿ ಇಂಜೆಕ್ಷನ್ನೂ ಇಲ್ಲ ಡ್ರಿಲ್ಲಿಂಗೂ ಇಲ್ಲ. ಸಂದಿ ಬಿಗಿ ಇದ್ರೆ ಕೆಲವು ದಿನ ಮುಂಚೆ ಪುಟ್ಟ ರಬ್ಬರ್ ರಿಂಗ್ ಸಿಕ್ಕಿಸಿ ಜಾಗ ಮಾಡ್ತಾರೆ, ಆಮೇಲೆ ಸೈಜ್ ನೋಡಿ ಕ್ಯಾಪ್ ಒಳಗೆ ಸಿಮೆಂಟ್ ತುಂಬಿ ಒತ್ತಿ ಕೂರಿಸಿ ಮಗೂನೇ ಕಚ್ಚೋಕೆ ಹೇಳ್ತಾರೆ, ಹುಳುಕು ಒಳಗೇ ಸೀಲ್ ಆಗಿ ಅಲ್ಲೇ ನಿಂತೋಗತ್ತೆ. ಮೊದಮೊದ್ಲು ಕ್ಯಾಪ್ ಎತ್ತರ ಅನ್ಸತ್ತೆ, ಕೆಲವು ವಾರದಲ್ಲಿ ಸರಿಹೋಗತ್ತೆ. ನೋವು ನಿಲ್ದಿದ್ರೆ, ವಸಡು ಊದಿದ್ರೆ ತಕ್ಷಣ ವಾಪಸ್ ತೋರಿಸಿ.