‘ಮತ್ತೆ?’ ‘ಮತ್ತೇನಿಲ್ಲ’ ಆದಮೇಲೆ

ಪ್ರಶ್ನೆ: ಮದುವೆ ಮನೆಯಲ್ಲಿ ದೂರದ ಸಂಬಂಧಿಕರು ಎದುರಾದರೆ ‘ನಮಸ್ಕಾರ, ಚೆನ್ನಾಗಿದ್ದೀರಾ’ ಅನ್ನುತ್ತೇನೆ. ಅವರೂ ‘ಚೆನ್ನಾಗಿದ್ದೀವಿ’ ಅನ್ನುತ್ತಾರೆ. ಅಲ್ಲಿಗೆ ಮಾತು ನಿಂತುಹೋಗುತ್ತದೆ. ಇಬ್ಬರೂ ಸುಮ್ಮನೆ ನಗುತ್ತಾ ನಿಲ್ಲುತ್ತೇವೆ. ಕೊನೆಗೆ ನಾನು ಮೊಬೈಲ್ ತೆಗೆದುಬಿಡುತ್ತೇನೆ. ಏನು ಮಾಡಲಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಮ್ಮ ಕುಶಲೋಪರಿಯ ಪ್ರಶ್ನೆಗಳಿಗೆಲ್ಲ ಉತ್ತರ ಮೊದಲೇ ಸಿದ್ಧವಾಗಿರುತ್ತದೆ. ‘ಚೆನ್ನಾಗಿದ್ದೀರಾ’ ಎಂದರೆ ‘ಚೆನ್ನಾಗಿದ್ದೀವಿ’, ‘ಊಟ ಆಯ್ತಾ’ ಎಂದರೆ ‘ಆಯ್ತು’, ‘ಯಾವಾಗ ಬಂದ್ರಿ’ ಎಂದರೆ ‘ಈಗಷ್ಟೇ’. ಉತ್ತರ ಬಂದ ಕೂಡಲೇ ಆ ಜೋಡಿ ಮುಗಿಯಿತು, ಮುಂದಿನ ಮಾತಿಗೆ ಅದರಲ್ಲಿ ಏನೂ ಉಳಿಯುವುದಿಲ್ಲ. ಆಗ ಒಬ್ಬರು ‘ಮತ್ತೆ?’ ಅನ್ನುತ್ತಾರೆ. ವಿಷಯ ಹುಡುಕುವ ಹೊಣೆಯನ್ನು ಎದುರಿನವರಿಗೆ ದಾಟಿಸುವುದಷ್ಟೇ ಅದರ ಕೆಲಸ. ಅವರ ಬಳಿಯೂ ವಿಷಯವಿಲ್ಲ, ಹಾಗಾಗಿ ‘ಮತ್ತೇನಿಲ್ಲ, ನೀವೇ ಹೇಳ್ಬೇಕು’ ಎಂದು ಹಿಂದಿರುಗಿಸುತ್ತಾರೆ. ನೀವು ಹೇಳುವ ಮೌನ ಶುರುವಾಗುವುದು ಇಲ್ಲಿ.

ಆದ್ದರಿಂದ ಮೌನ ಬಂದಮೇಲೆ ವಿಷಯ ಹುಡುಕುವುದಕ್ಕಿಂತ, ಕುಶಲ ಕೇಳಿದಾಗ ಕೊಡುವ ಉತ್ತರಕ್ಕೇ ಒಂದು ವಾಕ್ಯ ಸೇರಿಸುವುದು ಸುಲಭ. ಆ ವಾಕ್ಯ ಅವತ್ತಿನದಾಗಿರಲಿ, ಚಿಕ್ಕದಾಗಿರಲಿ, ನಿಜವಾಗಿರಲಿ. ಅದರ ಬಾಲಕ್ಕೆ ಅವರಿಗೂ ಸಂಬಂಧಪಟ್ಟ ಒಂದು ಪ್ರಶ್ನೆ ಇರಲಿ. ತಿಪಟೂರಿನ ಕಡೆಯಿಂದ ಬಂದ ಮಾವನೊಬ್ಬರು ಛತ್ರದ ಬಾಗಿಲಲ್ಲಿ ಸಿಕ್ಕರು ಎಂದುಕೊಳ್ಳಿ.

‘ಚೆನ್ನಾಗಿದ್ದೀಯಾ?’
‘ಚೆನ್ನಾಗಿದ್ದೀನಿ ಮಾವ. ಬೆಳಿಗ್ಗೆ ಆರರ ಬಸ್ಸು, ನಿಂತ್ಕೊಂಡೇ ಬಂದ್ವಿ. ನೀವು ಇವತ್ತೇ ಹೊರಟ್ರಾ?’
‘ಇಲ್ಲ, ನಿನ್ನೇನೇ ಬಂದ್ವಿ. ತೋಟಕ್ಕೆ ನೀರು ಬಿಡೋಕೆ ಒಬ್ಬ ಆಳನ್ನ ಗೊತ್ತು ಮಾಡಿ ಬರೋಷ್ಟರಲ್ಲಿ ಸಾಕಾಯ್ತು.’

ಹೊರಟಿದ್ದು ಯಾವತ್ತು ಎಂದಷ್ಟೇ ನೀವು ಕೇಳಿದಿರಿ, ಅವರು ತೋಟ, ನೀರು, ಆಳು ಎಲ್ಲವನ್ನೂ ತಂದರು. ನೀವು ಬಸ್ಸಿನ ಕಷ್ಟ ಹೇಳಿಕೊಂಡಿದ್ದರಿಂದಲೇ ಅವರೂ ತಮ್ಮ ಕಷ್ಟ ಹೇಳಿಕೊಂಡರು. ಸಾಮಾನ್ಯವಾಗಿ ಕೊನೆಯಲ್ಲಿ ಹೇಳಿದ್ದೇ ಅವರ ಮನಸ್ಸಿನಲ್ಲಿ ಇರುವಂಥದ್ದು, ಅದನ್ನೇ ಹಿಡಿಯಿರಿ: ‘ಆಳು ಸಿಗೋದು ಅಷ್ಟು ಕಷ್ಟ ಆಗಿದೆಯಾ ಮಾವ?’ ಬಹಳ ಜನ ಎಡವುವುದು ಈ ಹಂತದಲ್ಲಿ. ‘ಓ ಹೌದಾ’ ಎಂದು ಹೇಳಿ, ‘ಮಕ್ಕಳೇನು ಮಾಡ್ತಿದ್ದಾರೆ?’ ಎಂದು ಬೇರೆ ಪ್ರಶ್ನೆಗೆ ಹಾರುತ್ತಾರೆ. ಮೂರು ಸಲ ಹೀಗೆ ಹಾರಿದರೆ ಅದು ವಿಚಾರಣೆಯಂತಾಗಿ, ಉತ್ತರಗಳು ಒಂದೊಂದೇ ಪದಕ್ಕೆ ಇಳಿಯುತ್ತವೆ.

ಮೌನ ಬಂದೇಬಿಟ್ಟರೆ? ಜಪಾನಿ, ಡ್ಯಾನಿಶ್, ಕೊರಿಯನ್ ಸೇರಿ ಹತ್ತು ಭಾಷೆಗಳ ಮಾತುಕತೆಯನ್ನು ಅಳೆದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಒಬ್ಬರ ಪ್ರಶ್ನೆ ಮುಗಿದು ಇನ್ನೊಬ್ಬರ ಉತ್ತರ ಶುರುವಾಗಲು ಸರಾಸರಿ ಹಿಡಿಯುವುದು ಸೆಕೆಂಡಿನ ಐದನೇ ಒಂದು ಭಾಗದಷ್ಟು ಮಾತ್ರ ಎಂದು ಅದರಲ್ಲಿ ಕಂಡುಬಂತು. ಕಿವಿ ಅಷ್ಟು ವೇಗಕ್ಕೆ ಒಗ್ಗಿರುವುದರಿಂದ ಎರಡು ಸೆಕೆಂಡೂ ಯುಗದಂತೆ ಅನ್ನಿಸುತ್ತದೆ. ಅದಕ್ಕೇ ಕೈ ಮೊಬೈಲಿಗೆ ಹೋಗುವುದು. ಆದರೆ ಆ ಎರಡು ಸೆಕೆಂಡಿನಲ್ಲಿ ಎದುರಿನವರೂ ಏನೋ ಹುಡುಕುತ್ತಿರುತ್ತಾರೆ. ನೀವು ಪರದೆ ನೋಡಿದರೆ ‘ಇವರಿಗೆ ಕೆಲಸವಿದೆ’ ಎಂದುಕೊಂಡು ಬಿಟ್ಟುಬಿಡುತ್ತಾರೆ. ಒಂದು ಉಸಿರು ನಿಧಾನವಾಗಿ ಒಳಗೆಳೆದು ಬಿಡುವಷ್ಟು ಹೊತ್ತು ಕಾಯಿರಿ. ಹಿರಿಯರ ಜೊತೆಗಾದರೆ ಇನ್ನೊಂದು ಉಸಿರು ಹೆಚ್ಚು ಕಾಯಿರಿ. ಅವರು ಬಾಯಿ ತೆರೆಯುವಾಗಲೇ ನಾವು ಶುರುಮಾಡಿ ಅವರ ಮಾತು ನುಂಗಿಬಿಡುವುದುಂಟು. ಇಬ್ಬರೂ ಒಟ್ಟಿಗೆ ಶುರುಮಾಡಿದರೆ ‘ಹೇಳಿ ಮಾವ’ ಎಂದು ನಿಲ್ಲಿ.

ಆಮೇಲೂ ಮಾತು ಬರದಿದ್ದರೆ ಕಣ್ಣೆದುರಿಗೆ ಇರುವುದನ್ನು ಎತ್ತಿಕೊಳ್ಳಿ: ಮಂಟಪದ ಹೂವಿನ ಅಲಂಕಾರ, ಎಲೆ ಮೇಲೆ ಬಂದ ಹೋಳಿಗೆ, ವಾಲಗದ ಸದ್ದು. ನಿಲ್ಲುವ ರೀತಿಯೂ ಮುಖ್ಯ. ಮುಖಕ್ಕೆ ಮುಖ ಕೊಟ್ಟು ನಿಂತರೆ ಮೌನ ಭಾರ. ಪಕ್ಕದ ಕುರ್ಚಿಯಲ್ಲಿ ಕೂತು ಇಬ್ಬರೂ ಮಂಟಪದ ಕಡೆ ನೋಡುತ್ತಿದ್ದರೆ, ಮಾತು ನಿಂತರೂ ಇಬ್ಬರಿಗೂ ನೋಡಲು ಒಂದು ಕೆಲಸವಿರುತ್ತದೆ.

ಮೌನ ತುಂಬುವ ಅವಸರದಲ್ಲಿ ನಾಲಿಗೆಗೆ ಮೊದಲು ಬರುವ ‘ಮದುವೆ ಯಾವಾಗ’, ‘ವಿಶೇಷ ಏನೂ ಇಲ್ವಾ’, ‘ಸಂಬಳ ಎಷ್ಟು’ ಎಂಬ ಪ್ರಶ್ನೆಗಳನ್ನು ದಯವಿಟ್ಟು ಬಿಡಿ. ಮಗುವಿಗಾಗಿ ಆಸ್ಪತ್ರೆ ಅಲೆಯುತ್ತಿರುವವರಿಗೆ ಆ ಎರಡನೆಯ ಪ್ರಶ್ನೆ ಎಷ್ಟು ಇರಿಯುತ್ತದೆಂದು ಕೇಳಿದವರಿಗೆ ತಿಳಿಯುವುದೇ ಇಲ್ಲ. ಅಂಥ ಪ್ರಶ್ನೆಗಿಂತ ಸುಮ್ಮನಿರುವುದು ಸಾವಿರ ಪಾಲು ಮೇಲು.

ಇನ್ನು, ನಿಮ್ಮ ಎರಡು ಪ್ರಶ್ನೆಗೂ ಒಂದೇ ಪದದ ಉತ್ತರ ಬಂದು, ಅವರ ಕಣ್ಣು ಬೇರೆಯವರನ್ನು ಹುಡುಕುತ್ತಿದ್ದರೆ, ಮೂರನೆಯದು ಬೇಡ. ‘ಅಕ್ಷತೆ ಹಾಕಿ ಬರ್ತೀನಿ ಮಾವ, ಊಟಕ್ಕೆ ಸಿಗೋಣ’ ಎಂದು ಹೊರಟುಬಿಡಿ. ಪಂಕ್ತಿಯಲ್ಲಿ ಮತ್ತೆ ಸಿಕ್ಕಾಗ ನಮಸ್ಕಾರ, ಕುಶಲ ಯಾವುದೂ ಬೇಕಾಗಿಲ್ಲ, ‘ಆಳು ಫೋನ್ ಮಾಡಿದ್ನಾ?’ ಎಂದೇ ಶುರುಮಾಡಬಹುದು.